ನಾಲ್ಕು ಜನ ಬರೆದರೂ ಒಂದೇ ಬ್ರ್ಯಾಂಡ್‌ನ ಚಿತ್ರ: ಪ್ರಾಂಪ್ಟ್‌ಗಳಿಗೆ ಒಂದು ಪುಟದ ಸ್ಟೈಲ್ ಗೈಡ್

ನೋಟ್‌ಬುಕ್, ಪೆನ್ನು, ಪೆನ್ಸಿಲ್ ಮಾರುವ ಒಂದು ಬ್ರ್ಯಾಂಡ್ ಇದೆ ಅಂದುಕೊಳ್ಳಿ. ಪ್ರಾಂಪ್ಟ್ ಬರೆದು, ಅಂದರೆ ಬೇಕಾದ ಚಿತ್ರ ಹೇಗಿರಬೇಕು ಅಂತ ಮಾತಿನಲ್ಲಿ ಹೇಳಿ, ಅದರ ಚಿತ್ರಗಳನ್ನು ಎಐ ಟೂಲ್‌ನಲ್ಲಿ ಮಾಡಿಸುವವರು ನಾಲ್ಕು ಜನ. ಒಬ್ಬರು ಮಾಡಿಸಿದ ನೋಟ್‌ಬುಕ್ ಮರದ ಮೇಜಿನ ಮೇಲೆ ಇದೆ, ಪಕ್ಕದಲ್ಲಿ ಒಂದು ಕಾಫಿ ಕಪ್, ಹಿಂದೆ ಒಂದು ಪುಟ್ಟ ಗಿಡ. ಇನ್ನೊಬ್ಬರ ಪೆನ್ನು ಕಪ್ಪು ಬ್ಯಾಕ್‌ಗ್ರೌಂಡ್‌ನಲ್ಲಿ ಆಭರಣದ ಹಾಗೆ ಹೊಳೆಯುತ್ತಿದೆ. ಮೂರನೆಯವರದ್ದು ಮಕ್ಕಳ ಪುಸ್ತಕದ ಚಿತ್ರದಂತಿದೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಚೆನ್ನಾಗಿವೆ. ಪಕ್ಕಪಕ್ಕ ಇಟ್ಟರೆ ಮಾತ್ರ ಬೇರೆ ಬೇರೆ ಕಂಪನಿಗಳ ಜಾಹೀರಾತಿನಂತೆ ಕಾಣುತ್ತವೆ.

ಇದನ್ನು ಸರಿಮಾಡಲು ಹೆಚ್ಚಿನ ಟೀಮ್‌ಗಳು ಒಂದು ಡಾಕ್ಯುಮೆಂಟ್ ಬರೆದುಕೊಳ್ಳುತ್ತವೆ. ಅದರಲ್ಲಿ ‘ನಮ್ಮ ಚಿತ್ರಗಳು ಸರಳ, ಆತ್ಮೀಯ, ಆಧುನಿಕವಾಗಿರಬೇಕು’ ಎಂದಿರುತ್ತದೆ. ಎಲ್ಲರೂ ಓದುತ್ತಾರೆ, ಒಪ್ಪುತ್ತಾರೆ. ಆಮೇಲೂ ಚಿತ್ರಗಳು ಹೊಂದುವುದಿಲ್ಲ. ಯಾಕೆಂದರೆ ಆ ಮಾತುಗಳು ಬ್ರ್ಯಾಂಡ್‌ನ ಸ್ವಭಾವ ಹೇಳುತ್ತವೆಯೇ ಹೊರತು, ಚಿತ್ರದಲ್ಲಿ ಏನು ಕಾಣಬೇಕು ಅಂತ ಹೇಳುವುದಿಲ್ಲ. ನನ್ನ ಪ್ರಕಾರ ಕೆಲಸಕ್ಕೆ ಬರುವ ಗೈಡ್ ಅಂದರೆ ವಿವರಣೆ ಅಲ್ಲ. ಎಲ್ಲರೂ ಹಾಗೇ ಕಾಪಿ ಮಾಡಿ ಹಾಕುವ ಒಂದು ಸಾಲು, ಅದರಲ್ಲಿ ತುಂಬಬೇಕಾದ ಒಂದು ಬಿಟ್ಟ ಸ್ಥಳ, ಆ ಜಾಗದಲ್ಲಿ ಏನು ಬರೆಯಬಹುದು, ಏನು ಬರೆಯಬಾರದು ಎಂಬ ಕೆಲವು ನಿಯಮ. ಅದಕ್ಕೆ ಒಂದು ಪುಟ ಸಾಕು. ಜಾಸ್ತಿ ಆದರೆ ಯಾರೂ ತೆರೆದು ನೋಡುವುದಿಲ್ಲ.

ಆ ಪುಟವನ್ನು ಕಟ್ಟುವುದು ಹೇಗೆ ಅಂತ ಈ ನೋಟ್‌ಬುಕ್ ಬ್ರ್ಯಾಂಡ್‌ನ ಉದಾಹರಣೆ ಹಿಡಿದೇ ನೋಡೋಣ.

ಮೊದಲು, ಚಿತ್ರಗಳು ಯಾಕೆ ಬೇರೆಯಾಗುತ್ತವೆ

ನೀವು ಹೇಳದೆ ಬಿಟ್ಟದ್ದನ್ನೆಲ್ಲ ಚಿತ್ರ ಮಾಡುವ ಎಐ ಮಾಡೆಲ್ ತಾನೇ ತುಂಬಿಕೊಳ್ಳುತ್ತದೆ. ಹೇಗೆ ತುಂಬುತ್ತದೆ ಎಂಬುದು ನೀವು ಹೇಳಿದ ವಸ್ತುವಿನ ಮೇಲೆ ನಿಂತಿದೆ. ಮಾಡೆಲ್ ಕಲಿತಿರುವುದು ಕೋಟ್ಯಂತರ ಫೋಟೋಗಳು ಮತ್ತು ಅವುಗಳ ಜೊತೆಗಿದ್ದ ಬರಹದಿಂದ. ಆ ಫೋಟೋಗಳಲ್ಲಿ ನೋಟ್‌ಬುಕ್ ಸಾಮಾನ್ಯವಾಗಿ ಮರದ ಮೇಜಿನ ಮೇಲೆ, ಕಾಫಿ ಕಪ್‌ನ ಪಕ್ಕದಲ್ಲಿ ಇರುತ್ತದೆ. ದುಬಾರಿ ಪೆನ್ನು ಕಪ್ಪು ಹಿನ್ನೆಲೆಯಲ್ಲಿ ಇರುತ್ತದೆ. ಬಣ್ಣದ ಪೆನ್ಸಿಲ್ ಮಕ್ಕಳ ಜೊತೆ ಇರುತ್ತದೆ. ಹಾಗಾಗಿ ಬರೀ ‘ನೋಟ್‌ಬುಕ್’ ಅಂದರೂ ಸಾಕು, ಅದರ ಹಿಂದೆಯೇ ಮೇಜು, ಕಪ್, ಗಿಡ ಎಲ್ಲ ಬಂದುಬಿಡುತ್ತವೆ.

ಇದನ್ನು ಅರ್ಥ ಮಾಡಿಕೊಂಡರೆ ಪುಟದ ಕೆಲಸ ಏನು ಅಂತ ಗೊತ್ತಾಗುತ್ತದೆ. ಮಾಡೆಲ್ ತಾನೇ ತುಂಬಿಕೊಳ್ಳಬಹುದಾದ ಜಾಗಗಳನ್ನೆಲ್ಲ ನಾವು ಮೊದಲೇ ತುಂಬಿಬಿಡಬೇಕು. ವಸ್ತು ಯಾವ ಮೇಲ್ಮೈ ಮೇಲಿದೆ, ಹಿಂದೆ ಏನಿದೆ, ಬೆಳಕು ಎಲ್ಲಿಂದ ಬರುತ್ತಿದೆ, ನೆರಳು ಹೇಗಿದೆ, ಎಲ್ಲಿಂದ ನೋಡುತ್ತಿದ್ದೇವೆ, ಚೌಕಟ್ಟಿನಲ್ಲಿ ವಸ್ತು ಎಷ್ಟು ಜಾಗ ಹಿಡಿದಿದೆ, ಬಣ್ಣಗಳು ಯಾವುವು, ಇದು ಫೋಟೋನಾ ಚಿತ್ರಕಲೆಯಾ. ಇಷ್ಟು ತುಂಬಿದರೆ ಉಳಿಯುವುದು ವಸ್ತು ಒಂದೇ. ಬದಲಾಗಬೇಕಾದ್ದೂ ಅದೊಂದೇ ಅಲ್ವಾ?

ಹೆಜ್ಜೆ 1: ಗುಣವಾಚಕಗಳನ್ನು ಕಣ್ಣಿಗೆ ಕಾಣುವ ಮಾತಿಗೆ ಇಳಿಸಿ

ಟೀಮಿನವರೆಲ್ಲ ಕೂತು, ‘ಇದು ನಮ್ಮದು’ ಅನ್ನಿಸುವ ಹತ್ತು ಹನ್ನೆರಡು ಚಿತ್ರ ಆರಿಸಿ. ಬ್ರ್ಯಾಂಡ್‌ನ ಹಳೆಯ ಫೋಟೋಗಳೇ ಇದ್ದರೆ ಇನ್ನೂ ಒಳ್ಳೆಯದು. ಪ್ರತಿ ಚಿತ್ರದ ಕೆಳಗೆ, ಅದನ್ನು ಕಾಣದವರಿಗೆ ಫೋನಿನಲ್ಲಿ ಹೇಳುತ್ತಿರುವಂತೆ ಬರೆಯಿರಿ. ಆಗ ‘ಆತ್ಮೀಯ’ ಅನ್ನುವ ಮಾತು ಸಾಲುವುದಿಲ್ಲ. ‘ಬೆಳಕು ಎಡಗಡೆ ಕಿಟಕಿಯಿಂದ ಬಂದ ಹಾಗಿದೆ, ನೆರಳಿನ ಅಂಚು ಮೆದುವಾಗಿದೆ, ಬಿಳಿ ಬಣ್ಣ ಸ್ವಲ್ಪ ಹಳದಿಯ ಕಡೆಗಿದೆ’ ಎಂದು ಬರೆಯಬೇಕಾಗುತ್ತದೆ. ಪ್ರಾಂಪ್ಟ್‌ಗೆ ಬೇಕಾದ ಮಾತು ಇದು.

ನಮ್ಮ ಉದಾಹರಣೆಯಲ್ಲಿ ‘ಸರಳ’ ಎಂಬ ಮಾತು ‘ಚಿತ್ರದಲ್ಲಿ ಎರಡಕ್ಕಿಂತ ಹೆಚ್ಚು ವಸ್ತು ಇಲ್ಲ, ಬಲಗಡೆ ಖಾಲಿ ಜಾಗ’ ಎಂದಾಯಿತು. ‘ಆತ್ಮೀಯ’ ಎಂಬುದು ‘ಎಡ ಮೇಲಿನಿಂದ ಮೆದುವಾದ ಹಗಲು ಬೆಳಕು’ ಆಯಿತು. ‘ಆಧುನಿಕ’ ಎಂಬುದನ್ನು ಬಿಡಿಸಲು ಹೊರಟರೆ ಒಬ್ಬೊಬ್ಬರು ಒಂದೊಂದು ಹೇಳಿದರು ಅಂದುಕೊಳ್ಳಿ. ಒಬ್ಬರಿಗೆ ಅದು ಗಾಜು ಮತ್ತು ಲೋಹ, ಇನ್ನೊಬ್ಬರಿಗೆ ಬೋಳು ಗೋಡೆ. ಜಗಳಕ್ಕೆ ಬಂದ ಮಾತನ್ನು ಪುಟದಿಂದ ತೆಗೆದುಬಿಡಿ. ಟೀಮಿಗೇ ಒಪ್ಪಿಗೆಯಾಗದ ಮಾತನ್ನು ಮಾಡೆಲ್ ಒಂದೇ ರೀತಿ ಅರ್ಥ ಮಾಡಿಕೊಳ್ಳುತ್ತದೆ ಎಂದು ನಂಬಲು ಕಾರಣವಿಲ್ಲ.

ಹೆಜ್ಜೆ 2: ಬೆಳಕು ಮತ್ತು ಬಣ್ಣ, ಈ ಎರಡಕ್ಕೆ ಹೆಚ್ಚು ಹೊತ್ತು ಕೊಡಿ

ಒಂದು ಸಾಲಿನಲ್ಲಿ ಇಟ್ಟ ಚಿತ್ರಗಳು ಒಂದೇ ಮನೆಯವು ಅನ್ನಿಸಲು ಮುಖ್ಯ ಕಾರಣ ಬೆಳಕು. ವಸ್ತು ಬೇರೆಯಾದರೂ ನೆರಳು ಒಂದೇ ಕಡೆ ಬಿದ್ದಿದ್ದರೆ ಕಣ್ಣು ಅವನ್ನು ಒಟ್ಟಿಗೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ಬೆಳಕಿನ ಬಗ್ಗೆ ಮೂರು ವಿಷಯ ಬರೆಯಿರಿ: ಎಲ್ಲಿಂದ, ಎಷ್ಟು ಮೆದು, ನೆರಳು ಯಾವ ಕಡೆಗೆ. ‘ಒಳ್ಳೆಯ ಬೆಳಕು’, ‘ಸಿನಿಮಾದಂಥ ಬೆಳಕು’ ಎಂಬ ಮಾತು ಬೇಡ. ಎರಡನೆಯದು ಹಲವು ಮಾಡೆಲ್‌ಗಳಲ್ಲಿ ನೀಲಿ ನೆರಳು, ಕಿತ್ತಳೆ ಹೊಳಪನ್ನು ಎಳೆದು ತರುತ್ತದೆ. ನಿಮ್ಮ ಬಣ್ಣಗಳ ಮೇಲೆ ಆ ಛಾಯೆ ಕೂತರೆ ಆಮೇಲೆ ತೆಗೆಯುವುದು ಕಷ್ಟ.

ಬಣ್ಣದ ವಿಷಯದಲ್ಲಿ ಮೊದಲು ಮನಸ್ಸಿಗೆ ಬರುವುದು ಬ್ರ್ಯಾಂಡ್‌ನ ಹೆಕ್ಸ್ ಕೋಡ್, ಅಂದರೆ ಬಣ್ಣವನ್ನು ಗುರುತಿಸುವ ಅಂಕಿ ಅಕ್ಷರಗಳ ಕೋಡ್, ಹಾಕುವುದು. ಅದನ್ನು ಪ್ರಾಂಪ್ಟ್‌ನಲ್ಲಿ ನೆಚ್ಚಿಕೊಳ್ಳಬೇಡಿ. ಕೆಲವು ಮಾಡೆಲ್‌ಗಳು ಅದಕ್ಕೆ ಹತ್ತಿರ ಬರುತ್ತವೆ, ಹಲವು ಅದನ್ನು ಕಡೆಗಣಿಸುತ್ತವೆ. ಇನ್ನು ಕೆಲವು ಆ ಅಕ್ಷರಗಳನ್ನೇ ಚಿತ್ರದೊಳಗೆ ಬರೆದುಬಿಡುವುದೂ ಉಂಟು. ಬಣ್ಣಕ್ಕೆ ಎಲ್ಲರಿಗೂ ಗೊತ್ತಿರುವ ಹೆಸರು ಕೊಡಿ, ಅದನ್ನು ಎಂದೂ ಬದಲಿಸಬೇಡಿ. ನೀಲಿ ಬೆರೆತ ಹಸಿರಿಗೆ ಒಬ್ಬರು ‘ಟೀಲ್’, ಇನ್ನೊಬ್ಬರು ‘ಟರ್ಕಾಯ್ಸ್’, ಮತ್ತೊಬ್ಬರು ‘ಸಮುದ್ರ ಹಸಿರು’ ಅಂದರೆ ಮೂರು ಬೇರೆ ಬಣ್ಣ ಬರುತ್ತವೆ. ಹೆಕ್ಸ್ ಕೋಡನ್ನು ಪುಟದ ಕೊನೆಯಲ್ಲಿ ಬರೆದಿಡಿ. ಅದು ಎಡಿಟಿಂಗ್‌ನಲ್ಲಿ ಬಣ್ಣ ತಿದ್ದುವವರಿಗೆ.

ಬಣ್ಣದಲ್ಲಿ ಇನ್ನೊಂದು ತೊಂದರೆ ಇದೆ, ಅದು ಬಣ್ಣ ಸೋರುವುದು. ಪ್ರಾಂಪ್ಟ್‌ನಲ್ಲಿ ಸಾಸಿವೆ ಹಳದಿ ಅಂತ ಎಲ್ಲೋ ಬರೆದರೆ ಅದು ಪೆನ್ಸಿಲ್‌ಗೂ ಬರುತ್ತದೆ, ನೋಟ್‌ಬುಕ್‌ಗೂ ಬರುತ್ತದೆ, ಗೋಡೆಗೂ ಬರುತ್ತದೆ. ತಡೆಯುವ ದಾರಿ ಬಣ್ಣವನ್ನು ವಸ್ತುವಿಗೆ ಅಂಟಿಸಿ ಬರೆಯುವುದು. ‘ಟೀಲ್ ನೋಟ್‌ಬುಕ್, ಸಾಸಿವೆ ಹಳದಿ ಪೆನ್ಸಿಲ್’ ಎನ್ನಬೇಕು. ಜೊತೆಗೆ ಪ್ರಮಾಣವನ್ನೂ ನಿರ್ಧರಿಸಿ. ನಮ್ಮ ಬ್ರ್ಯಾಂಡ್‌ನಲ್ಲಿ ಚಿತ್ರದ ಹೆಚ್ಚಿನ ಭಾಗ ಕೆನೆ ಬಿಳಿ, ಮುಖ್ಯ ವಸ್ತು ಒಂದೇ, ಅದು ಟೀಲ್, ಹಳದಿ ಒಂದೇ ಒಂದು ಸಣ್ಣ ವಸ್ತುವಿನಲ್ಲಿ. ಬಣ್ಣಗಳ ಪಟ್ಟಿ ಒಂದೇ ಇದ್ದರೂ ಪ್ರಮಾಣ ಬೇರೆಯಾದರೆ ಚಿತ್ರಗಳು ಹೊಂದುವುದಿಲ್ಲ. ಇದನ್ನು ಬಹಳಷ್ಟು ಗೈಡ್‌ಗಳು ಬರೆಯುವುದೇ ಇಲ್ಲ.

ಉಳಿದದ್ದನ್ನು ಬೇಗ ತೀರ್ಮಾನಿಸಬಹುದು. ಕ್ಯಾಮೆರಾ ಎಲ್ಲಿದೆ ಎಂಬುದನ್ನು ಡಿಗ್ರಿಯಲ್ಲಿ ಬರೆಯಬೇಡಿ, ಮಾಡೆಲ್ ಕೋನ ಅಳೆದು ನೋಡುವುದಿಲ್ಲ. ‘ಸ್ವಲ್ಪ ಮೇಲಿನಿಂದ, ಓರೆಯಾಗಿ’ ಎಂಬುದೇ ಹೆಚ್ಚು ಸ್ಥಿರವಾಗಿ ಕೆಲಸ ಮಾಡುತ್ತದೆ. ಫೋಟೋನಾ, ಚಿತ್ರಕಲೆಯಾ ಎಂಬುದರಲ್ಲಿ ಒಂದನ್ನೇ ಆರಿಸಿ. ಇಂದು ಬದುಕಿರುವ ಕಲಾವಿದರ ಹೆಸರು ಹಾಕಿ ಶೈಲಿ ಕೇಳುವುದನ್ನು ಪುಟದಲ್ಲೇ ಬೇಡ ಎಂದು ಬರೆಯಿರಿ. ಅದು ಅವರ ದುಡಿಮೆಗೆ ಅನ್ಯಾಯ, ಬ್ರ್ಯಾಂಡ್‌ಗೂ ತೊಂದರೆ. ಜೊತೆಗೆ ಮಾಡೆಲ್ ಬದಲಾದಾಗ ಆ ಹೆಸರಿಗೆ ಬರುವ ಫಲವೂ ಬದಲಾಗುತ್ತದೆ.

ಹೆಜ್ಜೆ 3: ಕಾಯಂ ಸಾಲು ಮತ್ತು ಬಿಟ್ಟ ಸ್ಥಳ

ಈಗ ತೀರ್ಮಾನಗಳನ್ನೆಲ್ಲ ಒಂದೇ ಸಾಲಿಗೆ ತನ್ನಿ. ಬಹುತೇಕ ಮಾಡೆಲ್‌ಗಳು ಕಲಿತ ಬರಹದಲ್ಲಿ ಇಂಗ್ಲಿಷ್ ಪಾಲೇ ಜಾಸ್ತಿ, ಹಾಗಾಗಿ ಕಾಯಂ ಸಾಲು ಇಂಗ್ಲಿಷ್‌ನಲ್ಲಿದ್ದರೆ ಹೆಚ್ಚು ಸ್ಥಿರ. ನಮ್ಮ ಬ್ರ್ಯಾಂಡ್‌ಗೆ ಸಾಲು ಹೀಗಿದೆ:

```
[SUBJECT], on a matte off-white paper surface,
plain seamless off-white background,
soft daylight from the upper left,
long soft shadow to the lower right,
three-quarter view from slightly above,
subject on the left, empty space on the right,
muted natural colors, editorial product photograph
```

ಇದರಲ್ಲಿ ಬದಲಾಗುವುದು ಮೊದಲ ಆವರಣದೊಳಗಿನದ್ದು ಮಾತ್ರ. ಉಳಿದದ್ದನ್ನು ಯಾರೂ ಮುಟ್ಟುವಂತಿಲ್ಲ, ಅಲ್ಪವಿರಾಮ ಕೂಡ.

ವಸ್ತು ಮೊದಲು ಬಂದಿರುವುದಕ್ಕೆ ಕಾರಣವಿದೆ. ಹಲವು ಮಾಡೆಲ್‌ಗಳು ಮೊದಲು ಬಂದ ಮಾತಿಗೆ ಹೆಚ್ಚು ತೂಕ ಕೊಡುತ್ತವೆ, ಉದ್ದ ಪ್ರಾಂಪ್ಟ್‌ನ ಬಾಲ ಸೊರಗುತ್ತದೆ. ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ಮಾಡೆಲ್‌ನ ಮೊದಲ ಆವೃತ್ತಿಗಳಲ್ಲಿ ಒಂದು ಬಾರಿಗೆ 77 ಟೋಕನ್ ಮಾತ್ರ ಓದುವ ಮಿತಿ ಇತ್ತು. ಟೋಕನ್ ಅಂದರೆ ಒಂದು ಪದ ಅಥವಾ ಪದದ ತುಂಡು. ಈಗಿನ ಮಾಡೆಲ್‌ಗಳು ಅದಕ್ಕಿಂತ ಉದ್ದದ್ದನ್ನು ಓದುತ್ತವೆ, ಆದರೂ ಸಾಲು ಚಿಕ್ಕದಾಗಿರುವುದೇ ಲೇಸು. ಪದ ಹೆಚ್ಚಾದಷ್ಟೂ ಒಂದಕ್ಕೊಂದು ಅಡ್ಡ ಬರುವುದೂ ಹೆಚ್ಚು.

ಬಣ್ಣದ ಹೆಸರುಗಳಲ್ಲಿ ಕೆನೆ ಬಿಳಿ, ಅಂದರೆ off-white, ಒಂದೇ ಕಾಯಂ ಸಾಲಿನಲ್ಲಿ ಇದೆ, ಗಮನಿಸಿ. ಟೀಲ್ ಮತ್ತು ಹಳದಿ ಬಿಟ್ಟ ಸ್ಥಳದಲ್ಲಿ, ವಸ್ತುವಿಗೆ ಅಂಟಿಕೊಂಡು ಬರುತ್ತವೆ. ಸೋರುವಿಕೆ ತಡೆಯಲು ಹೀಗೆ ಮಾಡಿದ್ದು.

ಹೆಜ್ಜೆ 4: ಬಿಟ್ಟ ಸ್ಥಳದ ನಿಯಮಗಳು

ಪುಟದ ಜೀವ ಇಲ್ಲಿದೆ. ಕಾಯಂ ಸಾಲು ಎಷ್ಟೇ ಗಟ್ಟಿ ಇದ್ದರೂ ಬಿಟ್ಟ ಸ್ಥಳದಲ್ಲಿ ಮನಸ್ಸಿಗೆ ಬಂದದ್ದನ್ನು ಬರೆದರೆ ಎಲ್ಲ ಕೆಡುತ್ತದೆ. ನಮ್ಮ ಟೀಮಿಗೆ ಹೀಗೆ ಬರೆದೆವು ಅಂದುಕೊಳ್ಳಿ: ಒಂದು ಮುಖ್ಯ ವಸ್ತು, ಅದು ಟೀಲ್. ಒಂದು ಸಣ್ಣ ವಸ್ತು, ಅದು ಸಾಸಿವೆ ಹಳದಿ. ಎರಡೂ ಹೇಗೆ ಇವೆ ಎಂಬ ಒಂದು ಮಾತು. ಒಟ್ಟು ಹದಿನೈದು ಪದದೊಳಗೆ. ಹೀಗೆ:

```
an open deep teal notebook with a mustard yellow
pencil lying across the blank page
```

ಇದನ್ನು ಕಾಯಂ ಸಾಲಿನ [SUBJECT] ಜಾಗದಲ್ಲಿ ಇಟ್ಟರೆ ಪ್ರಾಂಪ್ಟ್ ಮುಗಿಯಿತು. ಬರೆಯುವವರಿಗೆ ಇನ್ನೂ ಜಾಗ ಇದೆ. ನೋಟ್‌ಬುಕ್ ಮುಚ್ಚಿಡಬಹುದು, ಪೆನ್ನನ್ನು ಒರಗಿಸಬಹುದು, ಕಾಗದ ಮಡಚಬಹುದು.

ಈಗ ಕಷ್ಟದ ಕೋರಿಕೆಯೊಂದು ಬಂತು ಎನ್ನಿ: ‘ರಾತ್ರಿ ಓದುವವರಿಗಾಗಿ ಒಂದು ಚಿತ್ರ ಬೇಕು’. ಟೀಮಿನವರೊಬ್ಬರು ಬಿಟ್ಟ ಸ್ಥಳದಲ್ಲಿ ‘ರಾತ್ರಿ ಮೇಜಿನ ಮೇಲೆ ಟೀಲ್ ನೋಟ್‌ಬುಕ್’ ಎಂದು ಬರೆದರು. ಚಿತ್ರ ಪೂರ್ತಿ ಕತ್ತಲಾಗಿ ಬಂತು, ಹಿಂದೆ ಕಿಟಕಿ, ಮೇಲೆ ಲ್ಯಾಂಪ್. ಕಾಯಂ ಸಾಲು ಹಗಲು ಬೆಳಕು ಅನ್ನುತ್ತಿದೆ, ಬಿಟ್ಟ ಸ್ಥಳ ರಾತ್ರಿ ಅನ್ನುತ್ತಿದೆ. ಮೊದಲು ಬಂದ ಮಾತು ಗೆದ್ದಿತು. ‘ರಾತ್ರಿ’ ಎಂಬುದು ಹೊತ್ತಿನ ಹೆಸರಾದರೂ ಚಿತ್ರದಲ್ಲಿ ಅದು ಬೆಳಕಿನ ಆಜ್ಞೆ. ‘ಮೇಜು’ ಎಂಬುದು ಮೇಲ್ಮೈಯನ್ನು ಬದಲಿಸುವ ಆಜ್ಞೆ.

ಹಾಗಾದರೆ ಲ್ಯಾಂಪ್ ಇಟ್ಟು, ಅದು ಆರಿದೆ ಅಂತ ಬರೆಯೋಣವೇ? ಲ್ಯಾಂಪ್ ಅಂದ ಕೂಡಲೇ ಮಾಡೆಲ್ ಅದನ್ನು ಹೊತ್ತಿಸಿಬಿಡುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಫೋಟೋಗಳಲ್ಲಿ ಲ್ಯಾಂಪ್ ಹೊತ್ತಿರುವುದೇ ಜಾಸ್ತಿ. ಬೆಳಕು ಕೊಡದ ಒಂದು ವಸ್ತುವಿನಿಂದಲೇ ಆ ಹೊತ್ತನ್ನು ಸೂಚಿಸಬೇಕು. ‘ಮುಚ್ಚಿದ ಟೀಲ್ ನೋಟ್‌ಬುಕ್, ಮೇಲೆ ಮಡಚಿಟ್ಟ ಸಾಸಿವೆ ಹಳದಿ ಫ್ರೇಮಿನ ಕನ್ನಡಕ’ ಎಂದರೆ ಓದು ಮುಗಿದ ಹೊತ್ತು ತಿಳಿಯುತ್ತದೆ. ಬೆಳಕು, ಹಿನ್ನೆಲೆ, ಬಣ್ಣ ಎಲ್ಲ ಬ್ರ್ಯಾಂಡ್‌ನದ್ದೇ ಉಳಿಯುತ್ತದೆ. ‘ರಾತ್ರಿ’ ಎಂಬ ಮಾತನ್ನು ಚಿತ್ರದ ಪಕ್ಕದ ಬರಹ ಹೇಳಲಿ.

ಇದರಿಂದ ಪುಟಕ್ಕೆ ಒಂದು ನಿಯಮ ಸಿಕ್ಕಿತು: ಬಿಟ್ಟ ಸ್ಥಳದಲ್ಲಿ ಹೊತ್ತು, ಜಾಗ, ಹವೆ ಮತ್ತು ಭಾವದ ಪದ ಬೇಡ. ಆಫೀಸು, ಲೈಬ್ರರಿ, ಮಳೆ, ಸಂಜೆ, ಹಳೇ ಕಾಲದ, ಬೆಚ್ಚಗಿನ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ‘ಹಳೇ ಕಾಲದ’ ಅಂದರೆ ಇಡೀ ಚಿತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ‘ಲೈಬ್ರರಿ’ ಅಂದರೆ ಹಿಂದೆ ಕಪಾಟಿನ ಸಾಲು ನಿಲ್ಲುತ್ತದೆ. ಜಾಗವನ್ನು ಹೇಳಬೇಕಿದ್ದರೆ ಅಲ್ಲಿನ ಒಂದು ವಸ್ತುವಿನಿಂದ ಹೇಳಿ.

ಮನುಷ್ಯರ ಬಗ್ಗೆಯೂ ತೀರ್ಮಾನ ಬೇಕು. ಏನೂ ಹೇಳದಿದ್ದರೆ ಮಾಡೆಲ್ ತನಗೆ ಅಭ್ಯಾಸವಾದ ವಯಸ್ಸು, ಮೈಬಣ್ಣ, ಮುಖವನ್ನೇ ಮತ್ತೆ ಮತ್ತೆ ಕೊಡುತ್ತದೆ. ನಮ್ಮ ಬ್ರ್ಯಾಂಡ್ ಮುಖ ತೋರಿಸುವುದಿಲ್ಲ, ಕೈ ಮಾತ್ರ ತೋರಿಸುತ್ತದೆ. ಕೈ ಕೆಳಗಿನ ಅಂಚಿನಿಂದ ಬರಬೇಕು, ಅಂಗಿಯ ತೋಳು ಕೆನೆ ಬಿಳಿ. ಯಾರ ಕೈ ಎಂಬುದನ್ನು ಮಾತ್ರ ಪ್ರತಿ ಸಲ ಬದಲಿಸಿ ಬರೆಯಬೇಕು, ವಯಸ್ಸಾದವರದ್ದು, ಎಳೆಯರದ್ದು, ಬೇರೆ ಬೇರೆ ಮೈಬಣ್ಣದ್ದು. ಇಲ್ಲಿ ವೈವಿಧ್ಯವೇ ಬ್ರ್ಯಾಂಡ್‌ನ ನಿಯಮ, ಅದನ್ನು ಮಾಡೆಲ್‌ಗೆ ಬಿಡಬಾರದು.

ಹೆಜ್ಜೆ 5: ಬೇಡವಾದದ್ದನ್ನು ಹೇಗೆ ಹೇಳುವುದು

‘ಕಪ್ ಬೇಡ, ಗಿಡ ಬೇಡ’ ಎಂದು ಪ್ರಾಂಪ್ಟ್‌ನ ವಾಕ್ಯದೊಳಗೆ ಬರೆದರೆ ಎಷ್ಟೋ ಸಲ ಅವೇ ಬಂದು ಕೂರುತ್ತವೆ. ಹಲವು ಮಾಡೆಲ್‌ಗಳಿಗೆ ‘ಗಿಡ’ ಎಂಬ ಪದ ಕೇಳಿಸುತ್ತದೆ, ‘ಬೇಡ’ ಎಂಬುದು ಅಷ್ಟಾಗಿ ಕೇಳಿಸುವುದಿಲ್ಲ. ಆದ್ದರಿಂದ ಇರಬೇಕಾದದ್ದನ್ನೇ ಬರೆಯಿರಿ. ‘ಗಿಡ ಬೇಡ’ ಬದಲು ‘ಬಲಗಡೆ ಖಾಲಿ ಜಾಗ’. ‘ಬರಹ ಬೇಡ’ ಬದಲು ‘ಖಾಲಿ ಪುಟ’, ‘ಬೋಳು ಹೊದಿಕೆ’.

ಕೆಲವು ಟೂಲ್‌ಗಳಲ್ಲಿ ಬೇಡದ್ದಕ್ಕೆ ಬೇರೆಯೇ ಜಾಗ ಇದೆ. ಮಿಡ್‌ಜರ್ನಿ ಎಂಬ ಟೂಲ್‌ನಲ್ಲಿ ಸಾಲಿನ ಕೊನೆಯಲ್ಲಿ ಹೀಗೆ ಬರೆಯಬಹುದು, ಇದರಲ್ಲಿ `--ar` ಎಂಬುದು ಚಿತ್ರದ ಅಗಲ ಎತ್ತರದ ಅನುಪಾತ:

```
--no cup, plant, text, logo --ar 4:5
```

ಸ್ಟೇಬಲ್ ಡಿಫ್ಯೂಷನ್‌ನ ಹಲವು ಸ್ಕ್ರೀನ್‌ಗಳಲ್ಲಿ ನೆಗೆಟಿವ್ ಪ್ರಾಂಪ್ಟ್ ಎಂಬ ಪೆಟ್ಟಿಗೆ ಇರುತ್ತದೆ. ಇದ್ದರೆ ಬಳಸಿ, ಆದರೆ ಪಟ್ಟಿ ನಾಲ್ಕೈದು ಪದಕ್ಕೆ ನಿಲ್ಲಲಿ, ಎಲ್ಲರಿಗೂ ಒಂದೇ ಇರಲಿ.

ಹೆಜ್ಜೆ 6: ಸೆಟ್ಟಿಂಗ್ ಮತ್ತು ಮಾದರಿ ಚಿತ್ರ

ಪ್ರಾಂಪ್ಟ್ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೂ ಚಿತ್ರ ಬೇರೆ ಬಂದರೆ ಸೆಟ್ಟಿಂಗ್ ನೋಡಿ. ಒಬ್ಬರು ಹೊಸ ಮಾಡೆಲ್‌ನಲ್ಲಿದ್ದಾರೆ, ಇನ್ನೊಬ್ಬರು ಹಳೆಯದರಲ್ಲಿ ಇರಬಹುದು. ಮಿಡ್‌ಜರ್ನಿಯಲ್ಲಿ ಒಬ್ಬೊಬ್ಬರ ರುಚಿಗೆ ತಕ್ಕಂತೆ ಚಿತ್ರ ಬಾಗಿಸುವ `--p` ಎಂಬ ಸೌಲಭ್ಯ ಇದೆ. ಅದು ಒಬ್ಬರಿಗೆ ಆನ್ ಇದ್ದು ಇನ್ನೊಬ್ಬರಿಗೆ ಆಫ್ ಇದ್ದರೆ ಚಿತ್ರಗಳು ಹೊಂದುವುದಿಲ್ಲ. ಚಾಟ್ ರೂಪದ ಟೂಲ್‌ಗಳಲ್ಲಿ ಬೇರೆ ಸಮಸ್ಯೆ: ಹಿಂದಿನ ಮಾತುಕತೆ ಹೊಸ ಚಿತ್ರದ ಮೇಲೆ ಪರಿಣಾಮ ಬೀರುತ್ತದೆ, ಟೂಲ್ ನಿಮ್ಮ ಪ್ರಾಂಪ್ಟನ್ನು ತಾನೇ ಹಿಗ್ಗಿಸಿ ಬರೆಯುವುದೂ ಉಂಟು. ಡಾಲ್-ಇ 3 ಹಾಗೆ ಮಾಡುತ್ತಿತ್ತು. ಅಂಥ ಟೂಲ್ ಬಳಸುವವರು ಪ್ರತಿ ಚಿತ್ರಕ್ಕೂ ಹೊಸ ಚಾಟ್ ತೆರೆಯಬೇಕು ಎಂದು ಪುಟದಲ್ಲಿ ಬರೆಯಿರಿ.

ಸೀಡ್ ಸಂಖ್ಯೆ ಒಂದೇ ಇಟ್ಟರೆ ಶೈಲಿ ಒಂದೇ ಬರುತ್ತದೆ ಎಂಬ ನಂಬಿಕೆ ಇದೆ. ಅದು ಸರಿಯಲ್ಲ. ಸೀಡ್ ಎಂದರೆ ಚಿತ್ರ ಹುಟ್ಟುವ ಆರಂಭದ ಅಡ್ಡಾದಿಡ್ಡಿ ಚುಕ್ಕೆಗಳಿಗೆ ಕೊಟ್ಟ ಸಂಖ್ಯೆ. ಪ್ರಾಂಪ್ಟ್ ಕೂಡ ಹೆಚ್ಚುಕಡಿಮೆ ಅದೇ ಇದ್ದಾಗ ಅದು ಉಪಯುಕ್ತ, ಒಂದು ಪದ ಬದಲಿಸಿ ಪರಿಣಾಮ ನೋಡಲು ಒಳ್ಳೆಯದು. ವಸ್ತು ಬದಲಾದ ಮೇಲೆ ಅದು ಶೈಲಿ ಹಿಡಿದಿಡುವುದಿಲ್ಲ.

ಶೈಲಿ ಹಿಡಿದಿಡಲು ಮಾದರಿ ಚಿತ್ರ ಹೆಚ್ಚು ಸಹಾಯ ಮಾಡುತ್ತದೆ. ಮಿಡ್‌ಜರ್ನಿಯಲ್ಲಿ `--sref` ಜೊತೆ ಚಿತ್ರದ ವಿಳಾಸ ಕೊಡಬಹುದು, `--sw` ಎಂಬುದರಿಂದ ಅದರ ತೂಕವನ್ನು 0 ಇಂದ 1000 ದವರೆಗೆ ಇಡಬಹುದು. ಏನೂ ಬರೆಯದಿದ್ದರೆ ಅದು 100. ಬೇರೆ ಹಲವು ಟೂಲ್‌ಗಳಲ್ಲೂ ಚಿತ್ರ ಅಪ್‌ಲೋಡ್ ಮಾಡಿ ಇದರಂತೆ ಮಾಡು ಎನ್ನಬಹುದು. ಆದರೆ ಮಾದರಿ ಚಿತ್ರದಿಂದ ಶೈಲಿಯ ಜೊತೆ ವಸ್ತುವೂ ಸೋರುತ್ತದೆ. ಮಾದರಿಯಲ್ಲಿ ಕತ್ತರಿ ಇದ್ದರೆ ಹೊಸ ಚಿತ್ರದಲ್ಲೂ ಕತ್ತರಿಯ ಆಕಾರ ಇಣುಕುತ್ತದೆ. ಹಾಗಾಗಿ ಒಂದರ ಬದಲು ಬೇರೆ ಬೇರೆ ವಸ್ತುಗಳಿರುವ ಎರಡು ಮೂರು ಮಾದರಿ ಕೊಡಿ, ಸಾಮಾನ್ಯವಾಗಿರುವುದು ಬೆಳಕು ಬಣ್ಣ ಮಾತ್ರ ಇರಲಿ. ಆ ಚಿತ್ರಗಳು ನಿಮ್ಮವೇ ಆಗಿರಬೇಕು, ಯಾರದ್ದೋ ಫೋಟೋ ಅಲ್ಲ.

ಹೆಜ್ಜೆ 7: ಒಂಬತ್ತು ಚಿತ್ರಗಳ ಪರೀಕ್ಷೆ

ಪುಟ ಬರೆದಾಯಿತು ಅಂತ ಹಂಚಿಬಿಡಬೇಡಿ. ಮೂರು ಜನರಿಗೆ ಮೂರು ವಿಷಯ ಕೊಡಿ: ಸುಲಭದ್ದು ಒಂದು, ಕೈ ಇರುವುದು ಒಂದು, ರಾತ್ರಿಯ ಓದಿನಂಥ ಕಷ್ಟದ್ದು ಒಂದು. ಒಬ್ಬರು ಇನ್ನೊಬ್ಬರನ್ನು ಕೇಳದೆ, ಪುಟ ಮಾತ್ರ ನೋಡಿ ಬರೆಯಬೇಕು. ಮೊದಲು ಬಂದ ಚಿತ್ರವನ್ನೇ ಇಡಬೇಕು, ಚೆನ್ನಾಗಿರುವುದನ್ನು ಆರಿಸುವಂತಿಲ್ಲ. ಆರಿಸಿದರೆ ಪರೀಕ್ಷೆಯಾಗುವುದು ಆರಿಸಿದವರ ಕಣ್ಣೇ ಹೊರತು ಪುಟವಲ್ಲ.

ಒಂಬತ್ತನ್ನೂ ಒಂದೇ ಹಾಳೆಯಲ್ಲಿ ಮೂರು ಸಾಲಾಗಿ ಚಿಕ್ಕದಾಗಿ ಇಡಿ. ಒಂದು ಪ್ರತಿಯನ್ನು ಕಪ್ಪು ಬಿಳುಪು ಮಾಡಿ, ಬೆಳಕು ನೆರಳಿನ ವ್ಯತ್ಯಾಸ ಆಗ ಬೇಗ ಕಾಣುತ್ತದೆ. ಇನ್ನೊಂದನ್ನು ಪೂರ್ತಿ ಮಸುಕು ಮಾಡಿ, ಆಗ ಬಣ್ಣಗಳ ಪ್ರಮಾಣ ಕಾಣುತ್ತದೆ. ನಂತರ ಈ ಕೆಲಸದಲ್ಲಿ ಇಲ್ಲದ ಒಬ್ಬರನ್ನು ಕರೆದು, ಇವನ್ನು ಗುಂಪು ಮಾಡಿ ಅನ್ನಿ.

ಅವರು ಬರೆದವರ ಪ್ರಕಾರ ಗುಂಪು ಮಾಡಿದರೆ, ತಪ್ಪು ಬಿಟ್ಟ ಸ್ಥಳದಲ್ಲಿ ಅಥವಾ ಸೆಟ್ಟಿಂಗ್‌ನಲ್ಲಿ ಇದೆ. ಒಬ್ಬೊಬ್ಬರು ತಮ್ಮ ಅಭ್ಯಾಸದ ಪದ ಸೇರಿಸಿದ್ದಾರೆ, ಅಥವಾ ಮಾಡೆಲ್ ಬೇರೆ ಇದೆ. ವಿಷಯದ ಪ್ರಕಾರ ಗುಂಪು ಮಾಡಿದರೆ, ಅದೂ ವಸ್ತು ಬೇರೆ ಅನ್ನುವ ಕಾರಣಕ್ಕಲ್ಲದೆ ಬೆಳಕು, ಹಿನ್ನೆಲೆ ಬೇರೆ ಎಂಬ ಕಾರಣಕ್ಕೆ ಮಾಡಿದರೆ, ಕಾಯಂ ಸಾಲು ಸೋತಿದೆ. ವಸ್ತು ತನ್ನ ಅಭ್ಯಾಸದ ಮೇಜು, ಕತ್ತಲೆಗಳನ್ನು ಎಳೆದು ತಂದಿದೆ. ಮೊದಲ ತಪ್ಪಿಗೆ ನಿಯಮ ಬಿಗಿ ಮಾಡಿ. ಎರಡನೆಯದಕ್ಕೆ ಕಾಯಂ ಸಾಲಿನ ಆ ಒಂದು ಭಾಗವನ್ನು ವಸ್ತುವಿನ ಹತ್ತಿರಕ್ಕೆ ತನ್ನಿ, ಅಥವಾ ಇನ್ನೂ ನೇರವಾದ ಪದ ಹಾಕಿ.

ನಮ್ಮ ಉದಾಹರಣೆಯಲ್ಲಿ ಕೈ ಬಂದ ಚಿತ್ರಗಳಲ್ಲಿ ಹಿನ್ನೆಲೆ ಕೋಣೆಯಾಗಿ ಮಾರ್ಪಟ್ಟಿತು ಎನ್ನಿ. ಕೈ ಅಂದರೆ ಮನುಷ್ಯ, ಮನುಷ್ಯ ಅಂದರೆ ಕೋಣೆ ಎಂದು ಮಾಡೆಲ್ ತುಂಬಿಕೊಂಡಿತು. ಆಗ ಕೈಯ ಚಿತ್ರಗಳಿಗೆ ಮಾತ್ರ ಬಿಟ್ಟ ಸ್ಥಳದ ಆರಂಭದಲ್ಲಿ ಈ ಪದಗಳನ್ನು ಕಾಯಂ ಮಾಡಿ:

```
close-up, one hand entering from the bottom edge,
plain off-white sleeve,
```

ಹತ್ತಿರದ ನೋಟ ಎಂದಾಗ ಕೋಣೆಗೆ ಜಾಗವೇ ಉಳಿಯುವುದಿಲ್ಲ. ಇಂಥ ಚಿತ್ರಗಳಿಗೆ ಹದಿನೈದು ಪದದ ಲೆಕ್ಕವನ್ನು ಇದರ ಮುಂದಿನ ಮಾತಿನಿಂದ ಶುರುಮಾಡಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ, ಮಾಡಿದ ಮೇಲೆ ಮೂರೂ ವಿಷಯಗಳನ್ನು ಮತ್ತೆ ಓಡಿಸಿ ನೋಡಿ. ಒಂದನ್ನು ಸರಿಮಾಡಿದ ಪದ ಇನ್ನೊಂದನ್ನು ಕೆಡಿಸಿರಬಹುದು.

ಪುಟದ ಮೇಲೆ ಕೊನೆಗೆ ಇರಬೇಕಾದದ್ದು

ಮೇಲೆ ಪುಟದ ಆವೃತ್ತಿ ಸಂಖ್ಯೆ, ತಾರೀಕು, ಟೂಲ್ ಮತ್ತು ಮಾಡೆಲ್ ಹೆಸರು. ಅದರ ಕೆಳಗೆ ಕಾಯಂ ಸಾಲು, ಕಾಪಿ ಮಾಡಲು ಬರುವಂತೆ. ನಂತರ ಬಿಟ್ಟ ಸ್ಥಳದ ನಿಯಮ ನಾಲ್ಕೈದು, ಜೊತೆಗೆ ಸರಿಯಾದ ಎರಡು ಉದಾಹರಣೆ ಮತ್ತು ತಪ್ಪಾದ ಒಂದು, ಯಾಕೆ ತಪ್ಪು ಎಂಬ ಕಾರಣದೊಂದಿಗೆ. ಬೇಡದ ಪಟ್ಟಿ, ಸೆಟ್ಟಿಂಗ್, ಮಾದರಿ ಚಿತ್ರಗಳು ಚಿಕ್ಕದಾಗಿ. ಕೊನೆಯಲ್ಲಿ ಎಡಿಟಿಂಗ್‌ನಲ್ಲಿ ಮಾಡುವ ಕೆಲಸ: ಹೆಕ್ಸ್ ಕೋಡ್‌ಗೆ ಬಣ್ಣ ಹೊಂದಿಸುವುದು, ಲೋಗೋ ಮತ್ತು ಬರಹ ಇಡುವುದು. ಲೋಗೋವನ್ನು ಮಾಡೆಲ್‌ನಿಂದ ಬರೆಸಲೇಬೇಡಿ. ಅದು ಪ್ರತಿ ಸಲ ಸ್ವಲ್ಪ ಬೇರೆಯಾಗಿ ಬರುವ ಸಾಧ್ಯತೆ ಇದ್ದೇ ಇರುತ್ತದೆ, ಬ್ರ್ಯಾಂಡ್‌ನಲ್ಲಿ ಒಂಚೂರೂ ಬದಲಾಗಬಾರದ್ದು ಅದೇ. ಬಲಗಡೆಯ ಖಾಲಿ ಜಾಗ ಇಟ್ಟದ್ದು ಇದಕ್ಕಾಗಿ.

ಪುಟವನ್ನು ತಿದ್ದುವ ಹಕ್ಕು ಒಬ್ಬರಿಗೇ ಇರಲಿ. ಉಳಿದವರು ಸಲಹೆ ಕೊಡಲಿ, ಆದರೆ ತಮ್ಮ ಪ್ರತಿಯಲ್ಲಿ ಸುಮ್ನೆ ಒಂದು ಪದ ಬದಲಿಸಿಕೊಳ್ಳುವುದು ಬೇಡ. ಪ್ರತಿ ಚಿತ್ರದ ಜೊತೆ ಅದರ ಪೂರ್ತಿ ಪ್ರಾಂಪ್ಟ್ ಉಳಿಸಿ, ಫೈಲ್ ಹೆಸರಿನಲ್ಲಿ ಪುಟದ ಆವೃತ್ತಿ ಹಾಕಿ:

```
v2_notebook-open_01.png
```

ಟೂಲ್ ಹೊಸ ಮಾಡೆಲ್ ತಂದಾಗ ಇದರ ಪ್ರಯೋಜನ ತಿಳಿಯುತ್ತದೆ. ಅದೇ ಸಾಲಿಗೆ ಹೊಸ ಮಾಡೆಲ್ ಹೆಚ್ಚು ಹೊಳಪು, ಹೆಚ್ಚು ವಿವರ, ಬೇರೆ ನೆರಳು ಕೊಡಬಹುದು. ಟೀಮ್ ಪೂರ್ತಿ ಒಟ್ಟಿಗೆ ಹೊಸದಕ್ಕೆ ಹೋಗಬೇಕು, ಒಬ್ಬೊಬ್ಬರಾಗಿ ಅಲ್ಲ. ಹೋಗುವ ಮುಂಚೆ ಅದೇ ಒಂಬತ್ತು ಚಿತ್ರಗಳನ್ನು ಹೊಸ ಮಾಡೆಲ್‌ನಲ್ಲಿ ಓಡಿಸಿ, ಹಳೆಯ ಹಾಳೆಯ ಪಕ್ಕದಲ್ಲಿ ಇಡಿ. ವ್ಯತ್ಯಾಸ ಕಂಡ ಭಾಗವನ್ನು ಮಾತ್ರ ಕಾಯಂ ಸಾಲಿನಲ್ಲಿ ತಿದ್ದಿ, ಆವೃತ್ತಿ ಸಂಖ್ಯೆ ಏರಿಸಿ. ಅಲ್ಲಿಯವರೆಗೆ ಟೂಲ್ ಹಳೆಯ ಮಾಡೆಲ್ ಆರಿಸಲು ಬಿಡುವುದಾದರೆ ಅದನ್ನೇ ಇಟ್ಟುಕೊಳ್ಳಿ.